ಕ್ರೇನ್ ಅಂದರೆ ಹಕ್ಕಿಯೋ ಯಂತ್ರವೋ: ಚಿತ್ರದ ಪ್ರಾಂಪ್ಟ್‌ನಲ್ಲಿ ಅರ್ಥ ತಪ್ಪದಂತೆ ಬರೆಯುವ ಕ್ರಮ

ಕೊಡಗಿನಲ್ಲಿ ಹೋಮ್‌ಸ್ಟೇ ನಡೆಸುವವರು, ಮನೆಯಲ್ಲೇ ಕಾಫಿಪುಡಿ ಮಾಡಿ ಮಾರುವವರು, ಹಾಕಿ ಪಂದ್ಯಕ್ಕೆ ಪೋಸ್ಟರ್ ಮಾಡುವ ಹುಡುಗರು ಈಗ ಚಿತ್ರಕ್ಕೆ ಎಐ ಸಾಧನಗಳನ್ನು ಬಳಸುತ್ತಿದ್ದಾರೆ. ಇವರಿಗೆಲ್ಲ ಎದುರಾಗುವ ಒಂದು ತೊಂದರೆ ಇದೆ. ಇಂಗ್ಲಿಷಿನಲ್ಲಿ ಒಂದು ಪದ ಬರೆಯುತ್ತೀರಿ, ಅದಕ್ಕೆ ಎರಡು ಅರ್ಥ ಇರುತ್ತದೆ, ಮಾಡೆಲ್ ಇನ್ನೊಂದು ಅರ್ಥವನ್ನು ಹಿಡಿದುಕೊಂಡು ಚಿತ್ರ ಬಿಡಿಸುತ್ತದೆ. ಹಕ್ಕಿ ಕೇಳಿದರೆ ಕಬ್ಬಿಣದ ಯಂತ್ರ ಬರುತ್ತದೆ. ಮತ್ತೆ ಮತ್ತೆ ಜನರೇಟ್ ಒತ್ತಿದರೆ ಇದು ಸರಿಹೋಗುವುದಿಲ್ಲ. ಸುತ್ತಲಿನ ಪದಗಳನ್ನು ಬದಲಿಸಿದರೆ ಸರಿಹೋಗುತ್ತದೆ. ಯಾವ ಪದ, ಎಲ್ಲಿ ಇಡಬೇಕು ಅನ್ನುವುದೇ ಇಲ್ಲಿನ ವಿಷಯ.

ಸೀಡ್, ನೆಗೆಟಿವ್ ಪ್ರಾಂಪ್ಟ್ ಎರಡೂ ಕೈಗೆ ಸಿಗುವ ಸ್ಟೇಬಲ್ ಡಿಫ್ಯೂಷನ್ ಮಾದರಿಯ ಸಾಧನವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಸೀಡ್ ಅಂದರೆ ಚಿತ್ರ ಎಲ್ಲಿಂದ ಶುರುವಾಗಬೇಕು ಎಂದು ಹೇಳುವ ಸಂಖ್ಯೆ, ನೆಗೆಟಿವ್ ಪ್ರಾಂಪ್ಟ್ ಅಂದರೆ ಚಿತ್ರದಲ್ಲಿ ಬೇಡವಾದದ್ದನ್ನು ಬರೆಯುವ ಜಾಗ. ಬೇರೆ ಸಾಧನಗಳಲ್ಲಿ ಏನು ಬದಲಾಗುತ್ತದೆ ಅನ್ನುವುದನ್ನು ಅಲ್ಲಲ್ಲೇ ಹೇಳುತ್ತೇನೆ.

ನಾವು ಸರಿಪಡಿಸಲಿರುವ ಪ್ರಾಂಪ್ಟ್

ಗೋಣಿಕೊಪ್ಪದ ಹತ್ತಿರ ಹೋಮ್‌ಸ್ಟೇ ಕಟ್ಟಿಸಿರುವ ಗೆಳೆಯರೊಬ್ಬರಿಗೆ ಬೋರ್ಡಿಗೆ ಒಂದು ಚಿತ್ರ ಬೇಕಿತ್ತು. ಹೊಸ ಮನೆ, ಪಕ್ಕದಲ್ಲಿ ಗದ್ದೆ, ಗದ್ದೆಯಲ್ಲಿ ಉದ್ದ ಕಾಲಿನ ಬಿಳಿ ಹಕ್ಕಿ, ಹಿಂದೆ ಬೆಟ್ಟ. ಅವರು ಬರೆದದ್ದು ಇದು:

```
a tall crane beside a newly built homestay, paddy field, green hills, Coorg
```

ಗದ್ದೆ ಚೆನ್ನಾಗಿ ಬಂತು, ಬೆಟ್ಟವೂ ಬಂತು. ಆದರೆ ಹಕ್ಕಿ ಇರಬೇಕಾದ ಜಾಗದಲ್ಲಿ ಹೆಂಚಿನ ಮಾಡಿಗಿಂತ ಎತ್ತರದ ಹಳದಿ ಯಂತ್ರ ನಿಂತಿತ್ತು. "ಹಕ್ಕಿ ಕೇಳಿದ್ರೆ ಇದೇನೋ ಕಬ್ಬಿಣ ನಿಲ್ಲಿಸ್ತಿದೆ ಮಾರಾಯ, ಇನ್ನೂ ಹೇಗೆ ಹೇಳೋದು?" ಎಂದು ಫೋನಿನಲ್ಲಿ ಕೇಳಿದರು.

ಪ್ರಾಂಪ್ಟನ್ನು ಇನ್ನೊಮ್ಮೆ ಓದಿ ನೋಡಿ. ಟಾಲ್ ಇದೆ, ನ್ಯೂಲಿ ಬಿಲ್ಟ್ ಇದೆ, ಕಟ್ಟಡದ ಪಕ್ಕ ಎಂದೂ ಇದೆ. ಮೂರೂ ಯಂತ್ರದ ಕಡೆಗೇ ಎಳೆಯುವ ಪದಗಳು. ಹಕ್ಕಿಯ ಕಡೆ ಎಳೆಯುವುದು ಗದ್ದೆ ಒಂದೇ. ಮಾಡೆಲ್ ಕೆಟ್ಟಿಲ್ಲ. ಪ್ರಾಂಪ್ಟಿನ ಬಹುಪಾಲು ಪದಗಳು ಯಾವ ಕಡೆ ಇವೆಯೋ ಆ ಕಡೆಗೆ ಅದು ಹೋಗಿದೆ.

ಹಂತ 1: ತಪ್ಪು ಯಾವ ಬಗೆಯದು ಎಂದು ಮೊದಲು ಗುರುತಿಸಿ

ಉಳಿದ ಪದಗಳನ್ನೆಲ್ಲ ತೆಗೆದು, ಅನುಮಾನದ ಪದವನ್ನು ಒಂಟಿಯಾಗಿ ಕೊಟ್ಟು ನೋಡಿ:

```
a photo of a crane
```

ಸೀಡ್ ಜಾಗದಲ್ಲಿ `-1` ಇಟ್ಟರೆ ಪ್ರತಿ ಸಲವೂ ಬೇರೆ ಸೀಡ್ ಬರುತ್ತದೆ. ಹೀಗೆ ಎಂಟು ಚಿತ್ರ ತೆಗೆದು, ಎಷ್ಟು ಹಕ್ಕಿ, ಎಷ್ಟು ಯಂತ್ರ ಎಂದು ಎಣಿಸಿ. ನಿಮ್ಮ ಮಾಡೆಲ್ ಈ ಪದವನ್ನು ಸುಮ್ನೆ ಬಿಟ್ಟರೆ ಯಾವ ಕಡೆ ವಾಲುತ್ತದೆ ಎಂದು ಇದರಿಂದ ತಿಳಿಯುತ್ತದೆ. ಒಂಟಿಯಾಗಿ ಕೊಟ್ಟಾಗ ಹಕ್ಕಿ ಜಾಸ್ತಿ ಬಂದು, ಪೂರ್ತಿ ಪ್ರಾಂಪ್ಟಿನಲ್ಲಿ ಮಾತ್ರ ಯಂತ್ರ ಬರುತ್ತಿದ್ದರೆ ತಪ್ಪು ಪಕ್ಕದ ಪದಗಳದ್ದು. ಒಂಟಿಯಾಗಿದ್ದಾಗಲೂ ಯಂತ್ರವೇ ಬಂದರೆ ಆ ಪದವನ್ನೇ ನಂಬುವ ಹಾಗಿಲ್ಲ.

ಚಿತ್ರದಲ್ಲಿ ತಪ್ಪು ಮೂರು ರೂಪದಲ್ಲಿ ಕಾಣುತ್ತದೆ. ಪೂರ್ತಿ ಯಂತ್ರವೇ ಬಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಎರಡನೆಯದರಲ್ಲಿ ಎರಡೂ ಇರುತ್ತವೆ. ಮುಂದೆ ಚೆಂದದ ಹಕ್ಕಿ, ದೂರದ ಮಂಜಿನಲ್ಲಿ ಒಂದು ಯಂತ್ರದ ತೋಳು. ಮೊಬೈಲಿನಲ್ಲಿ ನೋಡುವಾಗ ಕಣ್ಣಿಗೆ ಬೀಳದೆ, ಬೋರ್ಡ್ ಪ್ರಿಂಟ್ ಆದ ಮೇಲೆ ಕಾಣುವುದು ಇದೇ. ಮೂರನೆಯದರಲ್ಲಿ ಎರಡು ಅರ್ಥವೂ ಒಂದೇ ಮೈಯಲ್ಲಿ ಸೇರಿಹೋಗುತ್ತವೆ. ಕೊಕ್ಕಿನ ತುದಿ ಕೊಕ್ಕೆಯಾಗಿರುತ್ತದೆ, ಕಾಲು ಕಬ್ಬಿಣದ ಜಾಲರಿಯ ಹಾಗಿರುತ್ತದೆ. ಕೊನೆಯ ಎರಡು ರೂಪಗಳನ್ನು ಹಿಡಿಯಬೇಕಾದರೆ ಚಿತ್ರವನ್ನು ದೊಡ್ಡದು ಮಾಡಿ ಹಿನ್ನೆಲೆ, ಕೊಕ್ಕು, ಕಾಲು ಮೂರನ್ನೂ ನೋಡಲೇಬೇಕು.

ಒಳಗೆ ಏನಾಗುತ್ತದೆ

ಇದು ಸ್ವಲ್ಪ ತಿಳಿದಿದ್ದರೆ ಮುಂದಿನ ಹಂತಗಳು ಬಾಯಿಪಾಠ ಆಗುವುದಿಲ್ಲ, ಅರ್ಥವಾಗುತ್ತವೆ.

ಚಿತ್ರ ಬಿಡಿಸುವ ಭಾಗ ನಿಮ್ಮ ಪದಗಳನ್ನು ನೇರವಾಗಿ ಓದುವುದಿಲ್ಲ. ಅದಕ್ಕೂ ಮೊದಲು ಟೆಕ್ಸ್ಟ್ ಎನ್‌ಕೋಡರ್ ಎಂಬ ಭಾಗ ಪದಗಳನ್ನು ಟೋಕನ್ ಎಂಬ ತುಣುಕುಗಳಾಗಿ ಒಡೆದು, ಪ್ರತಿಯೊಂದು ಟೋಕನ್ನಿಗೂ ಅರ್ಥ ಸೂಚಿಸುವ ಸಂಖ್ಯೆಗಳ ಒಂದು ಸಾಲು ಮಾಡಿಕೊಡುತ್ತದೆ. ಸ್ಟೇಬಲ್ ಡಿಫ್ಯೂಷನ್ 1.5ರಲ್ಲಿ ಈ ಕೆಲಸ ಮಾಡುವುದು ಕ್ಲಿಪ್. ಅದರ ನಂತರ ಬಂದ ಎಸ್‌ಡಿಎಕ್ಸ್‌ಎಲ್‌ನಲ್ಲಿ ಕ್ಲಿಪ್ ಜಾತಿಯವೇ ಎರಡು ಇವೆ. ಚಿತ್ರ ಮತ್ತು ಅದರ ಪಕ್ಕದ ಇಂಗ್ಲಿಷ್ ವಿವರಣೆಗಳನ್ನು ಕೋಟಿಗಟ್ಟಲೆ ನೋಡಿ ಕಲಿತವು ಇವು. ಆ ವಿವರಣೆಗಳಲ್ಲಿ ಕ್ರೇನ್ ಎಂಬ ಪದ ಹಕ್ಕಿಯ ಜೊತೆಗೂ ಇತ್ತು, ಯಂತ್ರದ ಜೊತೆಗೂ ಇತ್ತು.

ಕ್ಲಿಪ್ ಮಾಡಿದ ಓಪನ್‌ಎಐ ತಂಡಕ್ಕೇ ಈ ತೊಡಕು ಕಂಡಿತ್ತು. 2021ರ ಅವರ ಪ್ರಬಂಧದಲ್ಲಿ ಇದೇ ಪದವನ್ನು ಉದಾಹರಣೆ ಕೊಟ್ಟಿದ್ದಾರೆ. ಇಮೇಜ್‌ನೆಟ್ ಎಂಬ ಚಿತ್ರಸಂಗ್ರಹದ 1000 ವರ್ಗಗಳಲ್ಲಿ ಕ್ರೇನ್ ಎರಡು ಸಲ ಬರುತ್ತದೆ, ಒಮ್ಮೆ ಹಕ್ಕಿ, ಒಮ್ಮೆ ಯಂತ್ರ. ಸಾಕುಪ್ರಾಣಿಗಳ ಇನ್ನೊಂದು ಸಂಗ್ರಹದಲ್ಲಿ ಬಾಕ್ಸರ್ ಅಂದರೆ ನಾಯಿಯ ತಳಿ, ಆದರೆ ಬರೀ ಪದ ನೋಡಿದರೆ ಗುದ್ದಾಟದ ಆಟಗಾರನೂ ಆಗಬಹುದು. ಅದು ಯಾವ ಬಗೆಯ ವಸ್ತು ಎಂದು ಹೇಳುವ ಮಾತನ್ನು ವಾಕ್ಯದಲ್ಲಿ ಸೇರಿಸಿದಾಗ ಗುರುತಿಸುವುದು ಸುಧಾರಿಸಿತು ಎಂದು ಅವರು ಬರೆದಿದ್ದಾರೆ.

ಈಗ ಮುಖ್ಯವಾದ ವಿಷಯ. ಕ್ಲಿಪ್ ಎಡದಿಂದ ಬಲಕ್ಕೆ ಮಾತ್ರ ಓದುತ್ತದೆ. ಪ್ರತಿ ಟೋಕನ್ನಿಗೂ ತನಗಿಂತ ಮೊದಲು ಬಂದ ಪದಗಳಷ್ಟೇ ಕಾಣುತ್ತವೆ, ನಂತರ ಬರುವ ಪದ ಕಾಣುವುದಿಲ್ಲ. ಹಾಗಾಗಿ ಈ ಎರಡು ಸಾಲುಗಳು ಒಂದೇ ಅಲ್ಲ:

```
a crane, a white bird with long legs
a white long-legged wading bird, a crane
```

ಮೊದಲ ಸಾಲಿನಲ್ಲಿ ಕ್ರೇನ್‌ನ ಅರ್ಥ ರೂಪುಗೊಳ್ಳುವಾಗ ಹಕ್ಕಿ ಎಂಬ ಮಾತೇ ಇನ್ನೂ ಬಂದಿಲ್ಲ. ಅದು ಇಬ್ಬಗೆಯಾಗಿಯೇ ಉಳಿಯುತ್ತದೆ. ನಂತರ ಬಂದ ಬರ್ಡ್ ಎಂಬ ಪದವೂ ಚಿತ್ರ ಬಿಡಿಸುವ ಭಾಗಕ್ಕೆ ತಲುಪುತ್ತದೆ, ಅದೂ ತನ್ನ ಕೆಲಸ ಮಾಡುತ್ತದೆ. ಆದ್ದರಿಂದ ಮುಂದೆ ಹಕ್ಕಿ, ಹಿಂದೆ ಯಂತ್ರ ಎಂಬಂಥ ಚಿತ್ರ ಬರಲು ದಾರಿಯಾಗುತ್ತದೆ. ಎರಡನೆಯ ಸಾಲಿನಲ್ಲಿ ಕ್ರೇನ್ ಬರುವ ಹೊತ್ತಿಗೆ ಬಿಳಿ, ಉದ್ದ ಕಾಲು, ಹಕ್ಕಿ ಎಲ್ಲವೂ ಮೊದಲೇ ಕೂತಿರುತ್ತವೆ. ಅರ್ಥ ಒಂದು ಕಡೆಗೆ ಗಟ್ಟಿಯಾಗುತ್ತದೆ.

ಸ್ಟೇಬಲ್ ಡಿಫ್ಯೂಷನ್ 3, ಫ್ಲಕ್ಸ್ ಮುಂತಾದ ಮಾಡೆಲ್‌ಗಳು ಟಿ5 ಎಂಬ ಎನ್‌ಕೋಡರನ್ನೂ ಬಳಸುತ್ತವೆ. ಅದು ಎರಡೂ ದಿಕ್ಕಿಗೆ ನೋಡಬಲ್ಲದು. ಅಲ್ಲಿ ಪದಗಳ ಕ್ರಮಕ್ಕಿಂತ ಪೂರ್ತಿ ವಾಕ್ಯವಾಗಿ ಬರೆಯುವುದೇ ಹೆಚ್ಚು ಉಪಯೋಗ. ಆದರೂ ಅರ್ಥ ಹೇಳುವ ಪದವನ್ನು ಮೊದಲು ಇಟ್ಟರೆ ಅಲ್ಲೂ ನಷ್ಟವೇನಿಲ್ಲ.

ಹಂತ 2: ಬೇರೆ ಹೆಸರು ಇದೆಯಾ ನೋಡಿ

ಅನುಮಾನದ ಪದವನ್ನು ಸಂಭಾಳಿಸುವುದಕ್ಕಿಂತ ಅದನ್ನು ಬಿಟ್ಟೇಬಿಡುವುದು ಒಳ್ಳೆಯದು. ನಮ್ಮ ಗದ್ದೆಗಳಲ್ಲಿ ಕಾಣುವ ಬಿಳಿ ಹಕ್ಕಿ ಬೆಳ್ಳಕ್ಕಿ. ಅದರ ಇಂಗ್ಲಿಷ್ ಹೆಸರು ಈಗ್ರೆಟ್. ಹಕ್ಕಿಶಾಸ್ತ್ರದ ಪ್ರಕಾರ ಅದು ಕ್ರೇನ್ ಅಲ್ಲವೇ ಅಲ್ಲ. ನಾವು ಉದ್ದ ಕಾಲಿನ ಎಲ್ಲ ಹಕ್ಕಿಗೂ ಮಾತಿನಲ್ಲಿ ಕ್ರೇನ್ ಅಂದುಬಿಡುತ್ತೇವೆ ಅಷ್ಟೆ. ಹೀಗಾಗಿ ಗೆಳೆಯರಿಗೆ ಬೇಕಾಗಿದ್ದ ಸರಿಯಾದ ಪದ `egret`. ಅದಕ್ಕೆ ಇನ್ನೊಂದು ಅರ್ಥವಿಲ್ಲ, ಯಂತ್ರ ಬರುವ ದಾರಿಯೇ ಮುಚ್ಚಿಹೋಯಿತು. ಕೊಡಗಿನ ಗದ್ದೆಗೆ ಚಿತ್ರವೂ ಹೊಂದುತ್ತದೆ.

ನಿಜವಾದ ಕ್ರೇನ್ ಹಕ್ಕಿಯೇ ಬೇಕಿದ್ದರೆ ಜಾತಿಯ ಹೆಸರನ್ನು ಮುಂದೆ ಇಡಿ: `sarus crane`, `demoiselle crane`. ಹೆಸರು ಪದದ ಮುಂದೆಯೇ ಬರುವುದರಿಂದ ಎಡದಿಂದ ಓದುವ ಕ್ಲಿಪ್‌ಗೂ ಸರಿಹೋಗುತ್ತದೆ. ತೀರಾ ಅಪರೂಪದ ಜಾತಿಯ ಹೆಸರನ್ನು ಮಾತ್ರ ಪೂರ್ತಿ ನಂಬಬೇಡಿ. ಮಾಡೆಲ್‌ಗೆ ಅದು ಸರಿಯಾಗಿ ಗೊತ್ತಿರದಿದ್ದರೆ ಆ ಪದ ಚೂರುಚೂರಾಗಿ ಒಡೆದುಹೋಗಿ ಕ್ರೇನ್ ಒಂದೇ ಬಲವಾಗಿ ಉಳಿಯುತ್ತದೆ. ಆಗ ಜಾತಿಯ ಹೆಸರಿನ ಜೊತೆಗೆ ಬರ್ಡ್ ಎಂಬ ಪದವೂ ಬೇಕು.

ಹಂತ 3: ಸಂದರ್ಭದ ಪದಗಳನ್ನು ವಸ್ತುವಿನ ಮೈಯಿಂದಲೇ ಆರಿಸಿ

ಕ್ರೇನ್ ಎಂಬ ಪದವನ್ನೇ ಉಳಿಸಿಕೊಳ್ಳಬೇಕು ಅಂದುಕೊಳ್ಳೋಣ. ಎಲ್ಲರಿಗೂ ಮೊದಲು ಹೊಳೆಯುವುದು ಕೆರೆ, ಗೂಡು, ಆಕಾಶ ಇಂಥ ಪದ ಸೇರಿಸುವುದು. ಇದರಲ್ಲಿ ಒಂದು ತೊಂದರೆ ಇದೆ. ಸೇರಿಸಿದ ಪ್ರತಿ ಪದವೂ ತನ್ನ ವಸ್ತುವನ್ನು ಚಿತ್ರಕ್ಕೆ ತರುತ್ತದೆ. ಕೆರೆ ಎಂದರೆ ಕೆರೆ ಬರುತ್ತದೆ, ನಿಮ್ಮ ಗದ್ದೆ ಮುಳುಗುತ್ತದೆ. ಗೂಡು ಎಂದರೆ ಗೂಡು ಬರುತ್ತದೆ. ಆಕಾಶವಂತೂ ಯಂತ್ರಕ್ಕೂ ಹೊಂದುವ ಪದ, ಅದರಿಂದ ಏನೂ ಪ್ರಯೋಜನವಿಲ್ಲ.

ಅದಕ್ಕೇ ಹಕ್ಕಿಯ ಮೈಯಲ್ಲೇ ಇರುವುದನ್ನು ಹೇಳಿ: ಗರಿ, ಕೊಕ್ಕು, ರೆಕ್ಕೆ. ಹಕ್ಕಿ ಇದ್ದರೆ ಇವು ಹೇಗೂ ಇರಲೇಬೇಕು, ಹಾಗಾಗಿ ಚಿತ್ರಕ್ಕೆ ಹೊಸದೇನೂ ಸೇರುವುದಿಲ್ಲ. ಯಂತ್ರಕ್ಕೆ ಗರಿ ಇರುವುದಿಲ್ಲ. ಜೊತೆಗೆ ಜೀವ ಇರುವುದು ಮಾತ್ರ ಮಾಡುವ ಒಂದು ಕೆಲಸ ಹೇಳಿ, ನೀರಿನಲ್ಲಿ ನಡೆಯುವುದೋ, ಮೀನು ಹೆಕ್ಕುವುದೋ. ಸುಮ್ನೆ ನಿಂತಿದೆ ಎಂದರೆ ಸಾಲದು, ಯಂತ್ರವೂ ನಿಲ್ಲುತ್ತದೆ. ಉದ್ದ ಕುತ್ತಿಗೆ ಎಂಬುದೂ ಒಂಟಿಯಾಗಿ ಸಾಲದು, ಯಂತ್ರದ ತೋಳೂ ಉದ್ದವೇ ಅಲ್ವಾ.

ಒಂದು ಬಗೆಯ ಹೆಸರು, ಮೈಯ ಒಂದು ಅಂಗ, ಒಂದು ಕೆಲಸ. ಈ ಮೂರು ಸಾಕು. ಹತ್ತು ಪದ ತುಂಬಿದರೆ ಗದ್ದೆ, ಮನೆ, ಬೆಟ್ಟದ ಪಾಲು ಕಡಿಮೆಯಾಗಿ ಚಿತ್ರದ ತುಂಬ ಹಕ್ಕಿಯೇ ಆಗುತ್ತದೆ.

ಹಂತ 4: ಎದುರು ಕಡೆ ಎಳೆಯುವ ಪದ ತೆಗೆಯಿರಿ

ಸೇರಿಸುವುದಕ್ಕಿಂತ ತೆಗೆಯುವುದು ಹಲವು ಸಲ ಹೆಚ್ಚು ಕೆಲಸ ಮಾಡುತ್ತದೆ. ಡಾಲ್-ಇ 2 ಎಂಬ ಚಿತ್ರ ಬಿಡಿಸುವ ಮಾಡೆಲ್ ಮೇಲೆ 2022ರಲ್ಲಿ ಮೂವರು ಸಂಶೋಧಕರು ಮಾಡಿದ ಪರೀಕ್ಷೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಅವರು ಕ್ರೇನ್ ಎಂಬ ಪದವನ್ನೇ ಬಳಸಲಿಲ್ಲ. ಎತ್ತರದ, ಉದ್ದ ಕಾಲಿನ, ಉದ್ದ ಕುತ್ತಿಗೆಯ ಹಕ್ಕಿ ಎಂದು ವಿವರಿಸಿ, ಜೊತೆಗೆ ಕಟ್ಟಡ ಕಟ್ಟುವ ಜಾಗ ಎಂದು ಬರೆದರು. ಆದರೂ ಚಿತ್ರದಲ್ಲಿ ಯಂತ್ರದ ಕ್ರೇನ್ ಬಂತು. ಬ್ಯಾಟ್ ಎಂಬ ಪದದೊಂದಿಗೆ ಬೇಸ್‌ಬಾಲ್ ಮೈದಾನ ಸೇರಿಸಿದಾಗ ಬಾವಲಿ, ಬ್ಯಾಟು ಎರಡೂ ಬಂದವು. ಅಂದರೆ ಪದವನ್ನು ಬದಲಿಸಿದರೂ ಸುತ್ತಲಿನ ಸಂದರ್ಭ ಹಾಗೇ ಇದ್ದರೆ ಹಳೆಯ ಅರ್ಥ ಹಿಂಬಾಗಿಲಿನಿಂದ ಬರಬಹುದು.

ನಮ್ಮ ಪ್ರಾಂಪ್ಟಿನಲ್ಲಿ ಟಾಲ್ ಹೋಗಲಿ. ನ್ಯೂಲಿ ಬಿಲ್ಟ್ ಕೂಡ ಹೋಗಲಿ. ಮನೆ ಹೊಸದೆಂದು ತೋರಿಸಬೇಕಿದ್ದರೆ ಬಣ್ಣದಿಂದ ತೋರಿಸಬಹುದು, ಬಿಳಿ ಗೋಡೆ, ಕೆಂಪು ಹೆಂಚು ಎಂದು. ಹಳದಿ, ಸ್ಟೀಲ್, ಸೈಟ್, ಟವರ್ ಇಂಥವು ಬೇರೆ ಯಾವುದಾದರೂ ಕಾರಣಕ್ಕೆ ಪ್ರಾಂಪ್ಟಿನಲ್ಲಿ ಉಳಿದಿದ್ದರೆ ಅವನ್ನೂ ಹುಡುಕಿ ತೆಗೆಯಿರಿ. ಹೀಗೆ ಬದಲಿಸಿದ ಮೇಲೆ:

```
a white feathered wading bird, a crane catching fish in a paddy field,
white house with red tiled roof, green hills, monsoon
```

ಕೂರ್ಗ್ ಎಂಬ ಪದವನ್ನು ಬಿಟ್ಟಿದ್ದೇನೆ, ಗಮನಿಸಿ. ಬೇಕಿದ್ದರೆ ಇಟ್ಟುಕೊಳ್ಳಿ, ಆದರೆ ಊರಿನ ಹೆಸರು ಅರ್ಥವನ್ನು ತಿದ್ದುತ್ತದೆ ಎಂದು ನಂಬಿ ಕೂರಬೇಡಿ. ಸಣ್ಣ ಊರುಗಳ ಹೆಸರಿನ ಬಲ ಕಡಿಮೆ. ಗದ್ದೆ, ಹೆಂಚು, ಮಳೆ ಎಂದು ಕಣ್ಣಿಗೆ ಕಾಣುವುದನ್ನು ಹೇಳಿದರೆ ಕೊಡಗು ಹೆಚ್ಚು ಸರಿಯಾಗಿ ಬರುತ್ತದೆ.

ಹಂತ 5: ನೆಗೆಟಿವ್ ಪ್ರಾಂಪ್ಟ್, ಹುಷಾರಾಗಿ

ಇಷ್ಟಾದರೂ ಹಿನ್ನೆಲೆಯಲ್ಲಿ ಯಂತ್ರದ ತೋಳು ಇಣುಕುತ್ತಿದ್ದರೆ ನೆಗೆಟಿವ್ ಪ್ರಾಂಪ್ಟಿನಲ್ಲಿ ಹೀಗೆ ಬರೆಯಿರಿ:

```
construction site, machinery, steel tower, scaffolding
```

ಇಲ್ಲಿ ಕ್ರೇನ್ ಎಂದು ಬರೆಯಬಾರದು. ಆ ಪದ ಇಲ್ಲೂ ಇಬ್ಬಗೆಯದೇ, ಯಂತ್ರದ ಜೊತೆಗೆ ಹಕ್ಕಿಯನ್ನೂ ದೂರ ತಳ್ಳುತ್ತದೆ. ಒಂದೇ ಅರ್ಥ ಇರುವ ಪದಗಳನ್ನಷ್ಟೇ ಹಾಕಿ. ಹಾಗೆಯೇ ಮೇಲಿನ ಮುಖ್ಯ ಪ್ರಾಂಪ್ಟಿನಲ್ಲಿ `no machine` ಎಂದೂ ಬರೆಯಬೇಡಿ. ಇಲ್ಲ ಎಂಬ ಮಾತನ್ನು ಕ್ಲಿಪ್ ಸರಿಯಾಗಿ ಹಿಡಿಯುವುದಿಲ್ಲ, ಯಂತ್ರ ಎಂಬ ಪದವನ್ನು ಮಾತ್ರ ಹಿಡಿದುಕೊಳ್ಳುತ್ತದೆ.

ನೆಗೆಟಿವ್ ಪ್ರಾಂಪ್ಟ್ ಕೆಲಸ ಮಾಡಲು, ಪ್ರಾಂಪ್ಟನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂದು ಹೇಳುವ `CFG Scale` 1ಕ್ಕಿಂತ ಜಾಸ್ತಿ ಇರಬೇಕು. ಸ್ಟೇಬಲ್ ಡಿಫ್ಯೂಷನ್ 1.5ರಲ್ಲಿ 7ರ ಸುತ್ತ ಇಟ್ಟರೆ ಸರಿ. ನಾಲ್ಕೇ ಹೆಜ್ಜೆಯಲ್ಲಿ ಚಿತ್ರ ಕೊಡುವ ವೇಗದ ಮಾಡೆಲ್‌ಗಳನ್ನು ಸಾಮಾನ್ಯವಾಗಿ 1ರಲ್ಲೇ ಓಡಿಸುತ್ತಾರೆ. ಅಲ್ಲಿ ನೀವು ನೆಗೆಟಿವ್‌ನಲ್ಲಿ ಏನೇ ಬರೆದರೂ ಪರಿಣಾಮ ಇಲ್ಲ. ಎಲ್ಲವನ್ನೂ ಮುಖ್ಯ ಪ್ರಾಂಪ್ಟಿನಲ್ಲೇ ಸರಿಮಾಡಬೇಕು.

ಪದಕ್ಕೆ ತೂಕ ಕೊಡುವುದು, ಅಂದರೆ `(bird:1.2)` ಎಂದು ಬರೆಯುವುದು, ಕೊನೆಯ ಉಪಾಯ. 1.2, 1.3 ಸಾಕು. ಜಾಸ್ತಿ ಏರಿಸಿದರೆ ಬಣ್ಣ ಸುಟ್ಟಂತಾಗಿ ಚಿತ್ರ ಕೆಡುತ್ತದೆ.

ಹಂತ 6: ಒಂದೊಂದೇ ಬದಲಿಸಿ, ಆಮೇಲೆ ಸೀಡ್ ಬಿಡಿಸಿ

ತಿದ್ದುವಾಗ ಸೀಡ್ ಒಂದೇ ಇರಲಿ. ಯಂತ್ರ ಬಂದ ಚಿತ್ರದ ಸೀಡನ್ನೇ ಇಟ್ಟುಕೊಳ್ಳಿ. ಮೊದಲು ಟಾಲ್ ತೆಗೆದು ನೋಡಿ. ಆಮೇಲೆ ನ್ಯೂಲಿ ಬಿಲ್ಟ್ ತೆಗೆದು ನೋಡಿ. ಆಮೇಲೆ ಬರ್ಡ್ ಸೇರಿಸಿ. ಯಾವ ಬದಲಾವಣೆಗೆ ಯಂತ್ರ ಹೋಯಿತು ಎಂದು ಹೀಗೆ ಮಾಡಿದರೆ ಮಾತ್ರ ಗೊತ್ತಾಗುವುದು. ಸೀಡ್ ಬದಲಾಗುತ್ತಿದ್ದರೆ ಅದೃಷ್ಟಕ್ಕೆ ಬಂದ ಹಕ್ಕಿಯನ್ನು ನಿಮ್ಮ ಪದದ ಕೆಲಸ ಎಂದು ತಿಳಿದುಬಿಡುತ್ತೀರಿ.

ಆ ಸೀಡಿನಲ್ಲಿ ಸರಿಹೋದ ಮೇಲೆ ಮತ್ತೆ `-1` ಇಟ್ಟು ಎಂಟು ಚಿತ್ರ ತೆಗೆಯಿರಿ. ಎಂಟರಲ್ಲೂ ಹಕ್ಕಿ ಬಂದರೆ ಪ್ರಾಂಪ್ಟ್ ಗಟ್ಟಿಯಾಗಿದೆ. ಎರಡರಲ್ಲಿ ಇನ್ನೂ ಯಂತ್ರ ಇದ್ದರೆ ಹಂತ 4ಕ್ಕೆ ಹಿಂದಿರುಗಿ, ಎಳೆಯುವ ಪದ ಇನ್ನೂ ಎಲ್ಲೋ ಉಳಿದಿದೆ.

ಉದ್ದ ಪ್ರಾಂಪ್ಟ್ ಬರೆಯುವವರು ಇನ್ನೊಂದನ್ನು ನೋಡಬೇಕು. ಕ್ಲಿಪ್ ಒಂದು ಸಲಕ್ಕೆ 77 ಟೋಕನ್ ಓದುತ್ತದೆ. ಆರಂಭ, ಕೊನೆಯ ಗುರುತು ಬಿಟ್ಟರೆ ನಿಮಗೆ ಸಿಗುವುದು 75. ಅದಕ್ಕಿಂತ ಉದ್ದವಾದರೆ ಕೆಲವು ಸಾಧನಗಳು ಪ್ರಾಂಪ್ಟನ್ನು ತುಂಡು ಮಾಡಿ ಬೇರೆಬೇರೆಯಾಗಿ ಓದಿಸುತ್ತವೆ. ಹಕ್ಕಿ ಎಂಬ ಪದ ಒಂದು ತುಂಡಿನಲ್ಲಿ, ಕ್ರೇನ್ ಇನ್ನೊಂದರಲ್ಲಿ ಬಿದ್ದರೆ ಅವು ಒಂದನ್ನೊಂದು ನೋಡುವುದೇ ಇಲ್ಲ. ಎರಡನ್ನೂ ಅಕ್ಕಪಕ್ಕ ಇಡಿ, ಪ್ರಾಂಪ್ಟಿನ ಆರಂಭದಲ್ಲೇ ಇಡಿ.

ನಮ್ಮಲ್ಲಿ ಹೀಗೇ ಕೈಕೊಡುವ ಬೇರೆ ಪದಗಳು

ಹಾಕಿ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾದಾಗಿನಿಂದ ನಮಗೆ ಹಾಕಿ ಎಂದರೆ ಮೈದಾನದ ಆಟ. ಆದರೆ ಅಂತರ್ಜಾಲದ ಇಂಗ್ಲಿಷ್ ಚಿತ್ರಗಳಲ್ಲಿ ಅಮೆರಿಕ, ಕೆನಡಾದ ಐಸ್ ಹಾಕಿಗೂ ಬರೀ ಹಾಕಿ ಎಂದೇ ಹೆಸರು. ಹಾಗಾಗಿ ಪೋಸ್ಟರಿಗೆ `hockey player` ಎಂದರೆ ಹೆಲ್ಮೆಟ್ ಹಾಕಿಕೊಂಡು ಮಂಜಿನ ಮೇಲೆ ಜಾರುವವನು ಬಂದುಬಿಡುತ್ತಾನೆ. ಇದು ಕ್ರೇನ್‌ಗಿಂತ ಸ್ವಲ್ಪ ಬೇರೆ ಬಗೆ. ಎರಡೂ ಆಟವೇ, ಎರಡರಲ್ಲೂ ಕೋಲಿದೆ, ಆದ್ದರಿಂದ ಆಟಗಾರ, ಕೋಲು, ಗೋಲು ಎಂಬ ಪದಗಳಿಂದ ಏನೂ ಬಗೆಹರಿಯುವುದಿಲ್ಲ. ಬೇರೆಯಾಗಿರುವುದು ನೆಲ ಮತ್ತು ಉಡುಪು. ಅವನ್ನೇ ಹೇಳಬೇಕು:

```
field hockey match on a grass ground, players in shorts and jerseys
```

ನೆಗೆಟಿವ್‌ನಲ್ಲಿ `ice, skates, helmet` ಇರಲಿ. ಗೋಲ್‌ಕೀಪರ್ ಬೇಕಿದ್ದರೆ ಮಾತ್ರ ಹೆಲ್ಮೆಟ್ ಪದ ತೆಗೆಯಿರಿ, ಅವರಿಗೆ ಮೈದಾನದ ಹಾಕಿಯಲ್ಲೂ ಹೆಲ್ಮೆಟ್ ಇದೆ.

ಚೆರ್ರಿ. ಕಾಫಿ ಹಣ್ಣಿಗೆ ನಾವೂ ಚೆರ್ರಿ ಅನ್ನುತ್ತೇವೆ, ಮಾರುಕಟ್ಟೆಯವರೂ ಅನ್ನುತ್ತಾರೆ. ಮಾಡೆಲ್ ಕೇಕಿನ ಮೇಲೆ ಇಡುವ ಹಣ್ಣನ್ನು ಬಿಡಿಸುತ್ತದೆ. ಕಾಫಿ ಎಂಬ ಪದ ಮುಂದೆ ಇಟ್ಟರೂ ಪೂರ್ತಿ ಸರಿಯಾಗದೆ, ಕಾಫಿ ಗಿಡದಲ್ಲಿ ಉದ್ದ ತೊಟ್ಟಿನ ಜೋಡಿ ಹಣ್ಣು ನೇತಾಡಬಹುದು. ಬಣ್ಣ ನೋಡಬೇಡಿ, ತೊಟ್ಟು ನೋಡಿ. ಕಾಫಿ ಹಣ್ಣು ರೆಂಬೆಗೆ ಅಂಟಿಕೊಂಡು ಗೊಂಚಲಾಗಿ ಕೂರುತ್ತದೆ. ಆದ್ದರಿಂದ ಚೆರ್ರಿ ಪದ ಬಿಟ್ಟು ಹೀಗೆ ಬರೆಯಿರಿ:

```
ripe red coffee berries clustered tightly along the branch
```

ತೋಟದ ಚಿತ್ರಕ್ಕೆ ನೆರಳಿನ ಮರವಾಗಿ `silver oak` ಎಂದರೆ ಎಲೆ, ಕಾಂಡವೆಲ್ಲ ಬೆಳ್ಳಿಯಂತೆ ಹೊಳೆಯುವ ಮರ ಬರಬಹುದು. ಆ ಹೆಸರನ್ನು ಬಿಟ್ಟು ನೇರ ಕಾಂಡದ ಎತ್ತರದ ನೆರಳಿನ ಮರ ಎಂದು ವಿವರಿಸಿ. `pepper` ಎಂದರೆ ದೊಣ್ಣೆ ಮೆಣಸಿನಕಾಯಿ ಬರುವ ಸಾಧ್ಯತೆ ಇದೆ. ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿಗೆ `black pepper vine climbing a tree trunk` ಎನ್ನಿ.

ಕನ್ನಡದಲ್ಲೇ ಬರೆದರೆ?

ಕ್ಲಿಪ್ ಮಾತ್ರ ಇರುವ ಮಾಡೆಲ್‌ಗಳಲ್ಲಿ ಕನ್ನಡ ನಡೆಯುವುದಿಲ್ಲ, ಅದು ಇಂಗ್ಲಿಷ್ ವಿವರಣೆಗಳಿಂದ ಕಲಿತದ್ದು. ಮಾತುಕತೆಯ ರೂಪದ ಸಾಧನಗಳಲ್ಲಿ ನಡೆಯುತ್ತದೆ. ಅವುಗಳಲ್ಲಿ ಕೆಲವು ನಿಮ್ಮ ಮಾತನ್ನು ಒಳಗೇ ಇಂಗ್ಲಿಷಿನ ಉದ್ದ ಪ್ರಾಂಪ್ಟಾಗಿ ಬರೆದುಕೊಂಡು ಚಿತ್ರ ಮಾಡುತ್ತವೆ. ನೀವು ಕೊಕ್ಕರೆ ಎಂದದ್ದು ಅಲ್ಲಿ ಕ್ರೇನ್ ಆಗಿಬಿಟ್ಟಿರಬಹುದು. ತಿದ್ದಿ ಬರೆದ ಪ್ರಾಂಪ್ಟನ್ನು ನೋಡಲು ಅವಕಾಶ ಇದ್ದರೆ ಮೊದಲು ಅದನ್ನು ತೆರೆದು ಓದಿ. ಅವಕಾಶ ಇಲ್ಲದಿದ್ದರೆ "ಗದ್ದೆಯ ನೀರಿನಲ್ಲಿ ಮೀನು ಹೆಕ್ಕುತ್ತಿರುವ ಬೆಳ್ಳಕ್ಕಿ, ಬಿಳಿ ಗರಿಯ ಹಕ್ಕಿ" ಎಂದು ಪೂರ್ತಿ ವಾಕ್ಯದಲ್ಲಿ ಬರೆಯಿರಿ. ಆಗ ಹೆಸರು ತಪ್ಪಾಗಿ ಅನುವಾದವಾದರೂ ಗರಿ, ಮೀನು ಹೆಕ್ಕುವುದು ಎರಡೂ ಜೊತೆಗೇ ಹೋಗಿರುತ್ತವೆ.